ಹೊಗೆಯ ಬೆಲೆ: ಸೂರತ್‌ನ ಮಾರುಕಟ್ಟೆ, ಕಲ್ಲಿದ್ದಲಿನ ಸೆಸ್

ಸೂರತ್‌ನ ಪಾಂಡೇಸರಾ, ಸಚಿನ್ ಕೈಗಾರಿಕಾ ಪ್ರದೇಶಗಳಲ್ಲಿ ಬಟ್ಟೆಗೆ ಬಣ್ಣ ಹಾಕುವ, ಅಚ್ಚೊತ್ತುವ ಕಾರ್ಖಾನೆಗಳು ಸಾಲುಸಾಲಾಗಿವೆ. ಬಣ್ಣದ ಕೆಲಸಕ್ಕೆ ಹಬೆ ಬೇಕು, ಹಬೆಗೆ ಬಾಯ್ಲರ್ ಬೇಕು, ಬಾಯ್ಲರಿಗೆ ಕಲ್ಲಿದ್ದಲು ಇಲ್ಲವೇ ಲಿಗ್ನೈಟ್ ಬೇಕು. ಚಿಮಣಿಯಿಂದ ಹೊರಬೀಳುವ ನುಣ್ಣನೆಯ ಧೂಳು ಆ ಊರಿನ ಜನರ ಶ್ವಾಸಕೋಶಕ್ಕೆ ಇಳಿಯುತ್ತದೆ. 2019ರಲ್ಲಿ ಗುಜರಾತ್ ಮಾಲಿನ್ಯ ನಿಯಂತ್ರಣ ಮಂಡಳಿ ಇಲ್ಲಿ ಒಂದು ಪ್ರಯೋಗ ಆರಂಭಿಸಿತು. ಚಿಮಣಿಯಿಂದ ಹೊರಹೋಗುವ ಧೂಳಿಗೆ ಕಿಲೋ ಲೆಕ್ಕದಲ್ಲಿ ಬೆಲೆ ಬಂತು. ಧೂಳು ಬಿಡುವ ಹಕ್ಕನ್ನು ಕಾರ್ಖಾನೆಗಳು ಪರಸ್ಪರ ಕೊಳ್ಳಬಹುದು, ಮಾರಬಹುದು ಎಂಬ ನಿಯಮ ಬಂತು. ಧೂಳಿನ ಕಣಗಳಿಗಾಗಿ ಹೀಗೊಂದು ಮಾರುಕಟ್ಟೆ ಜಗತ್ತಿನಲ್ಲಿ ಅದೇ ಮೊದಲು.

ಮಾಲಿನ್ಯಕ್ಕೆ ಬೆಲೆ ಕಟ್ಟಲು ಅರ್ಥಶಾಸ್ತ್ರ ಎರಡು ದಾರಿಗಳನ್ನು ಹೇಳುತ್ತದೆ. ಮೊದಲನೆಯದು ತೆರಿಗೆ. ಇಂಗ್ಲೆಂಡಿನ ಎ.ಸಿ. ಪಿಗೂ 1920ರಲ್ಲೇ ಇದರ ತರ್ಕವನ್ನು ಬರೆದಿಟ್ಟರು. ಕಾರ್ಖಾನೆ ತನ್ನ ಹೊಗೆಯಿಂದ ಊರಿಗೆ ಮಾಡುವ ನಷ್ಟವನ್ನು ತಾನು ತೆರುವುದಿಲ್ಲ. ಆ ನಷ್ಟದಷ್ಟು ತೆರಿಗೆ ಹಾಕಿದರೆ ಅದು ಕಾರ್ಖಾನೆಯ ಲೆಕ್ಕಪುಸ್ತಕಕ್ಕೆ ಸೇರುತ್ತದೆ. ಎರಡನೆಯದು ಒಟ್ಟು ಮಾಲಿನ್ಯಕ್ಕೊಂದು ಮಿತಿ ಹಾಕಿ, ಆ ಮಿತಿಯನ್ನು ಪರ್ಮಿಟ್‌ಗಳಾಗಿ ತುಂಡು ಮಾಡಿ, ಅವುಗಳ ಮಾರಾಟಕ್ಕೆ ಅವಕಾಶ ಕೊಡುವುದು. ಕ್ಯಾಪ್ ಅಂಡ್ ಟ್ರೇಡ್ ಎಂದು ಕರೆಯುವುದು ಇದನ್ನೇ. ಕೆನಡಾದ ಜೆ.ಎಚ್. ಡೇಲ್ಸ್ 1968ರಲ್ಲಿ ಇದರ ರೂಪರೇಖೆ ಕೊಟ್ಟರು. ಇಂಗಾಲದ ವಿಷಯ ಬಂದಾಗಲೆಲ್ಲ ಈ ಎರಡರಲ್ಲಿ ಯಾವುದು ಮೇಲು ಎಂಬ ವಾದ ಏಳುತ್ತದೆ. ನಮ್ಮ ದೇಶ ಈ ಎರಡನ್ನೂ ಮಾಡಿ ನೋಡಿದೆ. ತೆರಿಗೆಯನ್ನು ಕಲ್ಲಿದ್ದಲಿನ ಮೇಲೆ ಹಾಕಿತು, ಮಾರುಕಟ್ಟೆಯನ್ನು ಸೂರತ್‌ನಲ್ಲಿ ಕಟ್ಟಿತು. ಎರಡರ ಕಥೆಯೂ ಪುಸ್ತಕದಲ್ಲಿ ಇದ್ದಂತೆ ನಡೆಯಲಿಲ್ಲ. ಆದ್ದರಿಂದಲೇ ಅವುಗಳಿಂದ ಕಲಿಯುವುದು ಬಹಳವಿದೆ.

ಮೊದಲು ಒಂದು ಸಣ್ಣ ಲೆಕ್ಕ. ಎರಡು ಕಾರ್ಖಾನೆಗಳಿವೆ ಎಂದುಕೊಳ್ಳಿ. ಎರಡೂ ತಿಂಗಳಿಗೆ 3,000 ಕಿಲೋದಂತೆ ಒಟ್ಟು 6,000 ಕಿಲೋ ಧೂಳು ಬಿಡುತ್ತಿವೆ. ಇದನ್ನು 4,000ಕ್ಕೆ ಇಳಿಸಬೇಕು. ಮೊದಲನೆಯ ಕಾರ್ಖಾನೆಯಲ್ಲಿ ಬ್ಯಾಗ್ ಫಿಲ್ಟರ್ ಇದೆ, ಹರಿದ ಚೀಲಗಳನ್ನು ಬದಲಿಸಿದರೆ ಸಾಕು; ಅದು ಕಿಲೋಗೆ 8 ರೂಪಾಯಿ ಖರ್ಚಿನಲ್ಲಿ 2,000 ಕಿಲೋವರೆಗೆ ಇಳಿಸಬಲ್ಲದು. ಎರಡನೆಯದರ ಯಂತ್ರ ಹಳೆಯದು, ಒಂದು ಕಿಲೋ ಇಳಿಸಲು 40 ರೂಪಾಯಿ ಬೀಳುತ್ತದೆ. ಎರಡೂ ಸಮನಾಗಿ 1,000 ಕಿಲೋ ಇಳಿಸಿ ಎಂದು ಸರ್ಕಾರ ಆಜ್ಞೆ ಮಾಡಿದರೆ ಒಟ್ಟು ಖರ್ಚು 48,000 ರೂಪಾಯಿ. ಅದರ ಬದಲು ತಲಾ 2,000 ಕಿಲೋಗೆ ಪರ್ಮಿಟ್ ಕೊಟ್ಟು, ಬೇಕಿದ್ದರೆ ಮಾರಿಕೊಳ್ಳಿ ಎಂದರೆ ಏನಾಗುತ್ತದೆ? ಮೊದಲನೆಯದು 16,000 ರೂಪಾಯಿ ಖರ್ಚು ಮಾಡಿ 2,000 ಕಿಲೋ ಇಳಿಸುತ್ತದೆ. ಉಳಿದ 1,000 ಪರ್ಮಿಟ್‌ಗಳನ್ನು, ಕಿಲೋಗೆ 20 ರೂಪಾಯಿಯಂತೆ ಎನ್ನೋಣ, ಎರಡನೆಯದಕ್ಕೆ ಮಾರಿ 20,000 ಪಡೆಯುತ್ತದೆ. ಎರಡನೆಯದಕ್ಕೆ 40,000 ಖರ್ಚಾಗಬೇಕಿದ್ದ ಕಡೆ 20,000ದಲ್ಲಿ ಮುಗಿಯುತ್ತದೆ. ಗಾಳಿಗೆ ಸೇರುವ ಧೂಳು ಅದೇ 4,000 ಕಿಲೋ, ಅದನ್ನು ಇಳಿಸಲು ನಿಜವಾಗಿ ಆದ ಖರ್ಚು ಮಾತ್ರ 16,000.

ಈಗ ಪರ್ಮಿಟ್ ಬಿಟ್ಟು ಕಿಲೋಗೆ 20 ರೂಪಾಯಿ ತೆರಿಗೆ ಹಾಕಿ ನೋಡಿ. 8 ರೂಪಾಯಿಗೆ ಇಳಿಸಬಲ್ಲವನು ಇಳಿಸುತ್ತಾನೆ, 40 ಬೀಳುವವನು ತೆರಿಗೆ ಕಟ್ಟುತ್ತಾನೆ. ಮತ್ತೆ ಅದೇ 4,000 ಕಿಲೋ. ಗಾಳಿಯ ಮಟ್ಟಿಗೆ ವ್ಯತ್ಯಾಸವೇ ಇಲ್ಲ. ದುಡ್ಡಿನಲ್ಲಿ ಮಾತ್ರ ಇದೆ: ಉಳಿದ 4,000 ಕಿಲೋಗೆ 80,000 ರೂಪಾಯಿ ಸರ್ಕಾರಕ್ಕೆ ಹೋಗುತ್ತದೆ. ಪರ್ಮಿಟ್‌ಗಳನ್ನು ಪುಕ್ಕಟೆ ಹಂಚದೆ ಹರಾಜು ಹಾಕಿದರೆ ಆ ವ್ಯತ್ಯಾಸವೂ ಹೆಚ್ಚುಕಡಿಮೆ ಅಳಿಸಿಹೋಗುತ್ತದೆ.

ಎರಡು ದಾರಿಗಳೂ ಬೇರೆಯಾಗುವುದು ಸರ್ಕಾರದ ಅಂದಾಜು ತಪ್ಪಿದಾಗ. ಮೊದಲ ಕಾರ್ಖಾನೆಯ ನಿಜವಾದ ಖರ್ಚು 8 ರೂಪಾಯಿ ಅಲ್ಲ, 25 ಎಂದಿಟ್ಟುಕೊಳ್ಳಿ. 20 ರೂಪಾಯಿ ತೆರಿಗೆ ಇದ್ದರೆ ಇಬ್ಬರೂ ತೆರಿಗೆ ಕಟ್ಟಿ ಸುಮ್ಮನಾಗುತ್ತಾರೆ. ಧೂಳು 6,000 ಕಿಲೋದಿಂದ ಕದಲುವುದಿಲ್ಲ. ಮಿತಿ ಇದ್ದರೆ ಧೂಳು 4,000ದಲ್ಲೇ ನಿಲ್ಲುತ್ತದೆ, ಪರ್ಮಿಟ್ ಬೆಲೆ 25ರ ಮೇಲಕ್ಕೆ ಏರುತ್ತದೆ. ತೆರಿಗೆಯಲ್ಲಿ ಬೆಲೆ ಖಚಿತ, ಹೊಗೆ ಅನಿಶ್ಚಿತ. ಮಿತಿಯಲ್ಲಿ ಹೊಗೆ ಖಚಿತ, ಬೆಲೆ ಅನಿಶ್ಚಿತ. ಕಾರ್ಖಾನೆಯ ಒಳಗಿನ ಖರ್ಚು ಸರ್ಕಾರಕ್ಕೆ ಎಂದೂ ಸರಿಯಾಗಿ ಗೊತ್ತಿರುವುದಿಲ್ಲವಾದ್ದರಿಂದ, ಯಾವ ಅನಿಶ್ಚಿತತೆಯನ್ನು ನಾವು ಸಹಿಸಬಲ್ಲೆವು ಎಂಬುದೇ ಇಲ್ಲಿನ ಮೂಲ ಪ್ರಶ್ನೆ. ಮಾರ್ಟಿನ್ ವೈಟ್ಜ್‌ಮನ್ 1974ರಲ್ಲಿ ಇದಕ್ಕೆ ಒಂದು ಉತ್ತರ ಕೊಟ್ಟರು. ಒಂದು ಗೆರೆ ದಾಟಿದೊಡನೆ ಹಾನಿ ಕಡಿದಾಗಿ ಏರುವುದಾದರೆ ಪ್ರಮಾಣಕ್ಕೆ ಮಿತಿ ಹಾಕಿ. ಹಾನಿ ನಿಧಾನವಾಗಿ ಏರುವುದಾದರೆ ಬೆಲೆ ನಿಗದಿ ಮಾಡಿ. ಇಂಗಾಲದ ಡೈಆಕ್ಸೈಡ್ ಶತಮಾನಗಳ ಕಾಲ ವಾತಾವರಣದಲ್ಲಿ ಶೇಖರವಾಗುತ್ತ ಬಂದದ್ದು. ಈ ವರ್ಷ ಒಂದಿಷ್ಟು ಹೆಚ್ಚು ಸೇರಿದರೆ ಈ ವರ್ಷವೇ ಹಾನಿ ಜಿಗಿಯುವುದಿಲ್ಲ. ಆದ್ದರಿಂದ ಬಹುತೇಕ ಅರ್ಥಶಾಸ್ತ್ರಜ್ಞರು ಇಂಗಾಲಕ್ಕೆ ತೆರಿಗೆಯೇ ವಾಸಿ ಎನ್ನುತ್ತಾ ಬಂದಿದ್ದಾರೆ.

ಸಿದ್ಧಾಂತ ಹೀಗಿದ್ದರೆ, ಭಾರತದ ಕಲ್ಲಿದ್ದಲು ತೆರಿಗೆ ಚೆನ್ನಾಗಿ ಕೆಲಸ ಮಾಡಬೇಕಿತ್ತು. 2010ರ ಜುಲೈಯಲ್ಲಿ ಟನ್ ಕಲ್ಲಿದ್ದಲಿಗೆ 50 ರೂಪಾಯಿಯ ಸೆಸ್ ಬಂತು. 2014ರಲ್ಲಿ ಅದು 100 ಆಯಿತು, 2015ರಲ್ಲಿ 200, 2016ರಲ್ಲಿ 400. ವಸೂಲಿಗೆ ತೊಂದರೆ ಇರಲಿಲ್ಲ, ಏಕೆಂದರೆ ಸಾವಿರಾರು ಚಿಮಣಿಗಳನ್ನು ಅಳೆಯುವ ಅಗತ್ಯವಿರಲಿಲ್ಲ. ಗಣಿಯ ಬಾಗಿಲಲ್ಲಿ, ಬಂದರಿನಲ್ಲಿ ತೂಕ ಹಾಕಿದರೆ ಮುಗಿಯಿತು. ತೆರಿಗೆಯ ದೊಡ್ಡ ಶಕ್ತಿಯೇ ಇದು. ಆದರೆ ನಮ್ಮ ಒಂದು ಟನ್ ಕಲ್ಲಿದ್ದಲು ಉರಿದರೆ ಸುಮಾರು ಒಂದೂವರೆ ಟನ್ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅಂದರೆ 400 ರೂಪಾಯಿ ಸೆಸ್ ಇದ್ದಾಗಲೂ ಟನ್ ಇಂಗಾಲದ ಡೈಆಕ್ಸೈಡಿಗೆ ಬಿದ್ದ ಬೆಲೆ 270 ರೂಪಾಯಿಯ ಆಸುಪಾಸು. ಅಷ್ಟಕ್ಕೆ ಯಾವ ವಿದ್ಯುತ್ ಸ್ಥಾವರವೂ ಮುಚ್ಚುವುದಿಲ್ಲ. ಸ್ಥಾವರ ಕಟ್ಟಿದ ಸೆಸ್ ವಿದ್ಯುತ್ ದರಕ್ಕೆ ಸೇರಿ ಗ್ರಾಹಕನ ಬಿಲ್ಲಿಗೆ ಹೋಯಿತು. ಸ್ಥಾವರದ ಮಾಲೀಕನಿಗೆ ತನ್ನ ಯಂತ್ರ ಸುಧಾರಿಸುವ ಒತ್ತಡ ಹುಟ್ಟಲಿಲ್ಲ.

ಸಂಗ್ರಹವಾದ ಹಣ ಮೊದಲು ರಾಷ್ಟ್ರೀಯ ಶುದ್ಧ ಇಂಧನ ನಿಧಿಯ ಹೆಸರಿನಲ್ಲಿತ್ತು, ಅದರಲ್ಲಿ ಹೆಚ್ಚಿನ ಪಾಲು ಆ ಕೆಲಸಕ್ಕೆ ಖರ್ಚಾಗಲಿಲ್ಲ. 2017ರಲ್ಲಿ ಜಿಎಸ್‌ಟಿ ಬಂದಾಗ ಅದೇ 400 ರೂಪಾಯಿ ರಾಜ್ಯಗಳ ನಷ್ಟ ಪರಿಹಾರದ ಸೆಸ್ ಆಗಿ ಬದಲಾಯಿತು. 2025ರ ಸೆಪ್ಟೆಂಬರ್ 22ರಂದು ಆ ಸೆಸ್ ರದ್ದಾಗಿ, ಕಲ್ಲಿದ್ದಲಿನ ಜಿಎಸ್‌ಟಿ ಶೇ 5ರಿಂದ ಶೇ 18ಕ್ಕೆ ಏರಿತು. ತೆರಿಗೆ ಏರಿತಲ್ಲ, ಒಳ್ಳೆಯದೇ ಆಯಿತು ಎಂದು ಮೇಲುನೋಟಕ್ಕೆ ಅನ್ನಿಸುತ್ತದೆ. ಲೆಕ್ಕ ಮಾಡಿದರೆ ಬೇರೆಯದೇ ಕಾಣುತ್ತದೆ. ಟನ್ನಿಗೆ 1,500 ರೂಪಾಯಿಯ ಅಗ್ಗದ ಕಲ್ಲಿದ್ದಲಿಗೆ ಮೊದಲು 75 ರೂಪಾಯಿ ಜಿಎಸ್‌ಟಿ, 400 ಸೆಸ್ ಸೇರಿ 475 ಬೀಳುತ್ತಿತ್ತು. ಈಗ 270. ಟನ್ನಿಗೆ 4,000 ರೂಪಾಯಿಯ ಕಲ್ಲಿದ್ದಲಿಗೆ ಮೊದಲು 600, ಈಗ 720. ನಮ್ಮಲ್ಲಿ ಅಗ್ಗದ ಕಲ್ಲಿದ್ದಲೆಂದರೆ ಬೂದಿ ಹೆಚ್ಚು, ಶಾಖ ಕಡಿಮೆ ಇರುವ ಕಲ್ಲಿದ್ದಲು. ಒಂದೇ ಯೂನಿಟ್ ವಿದ್ಯುತ್ತಿಗೆ ಅದನ್ನು ಹೆಚ್ಚು ಸುಡಬೇಕು. ಅಂಥದ್ದರ ಮೇಲಿನ ಹೊರೆ ಇಳಿದು, ಉತ್ತಮ ದರ್ಜೆಯದರ ಮೇಲೆ ಏರಿತು. ಹಳೆಯ ಸೆಸ್ ಕನಿಷ್ಠ ತೂಕವನ್ನಾದರೂ ನೋಡುತ್ತಿತ್ತು, ಈಗಿನದು ಬೆಲೆಯನ್ನು ಮಾತ್ರ ನೋಡುತ್ತದೆ. ಇದನ್ನು ಇಂಗಾಲದ ತೆರಿಗೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ತೆರಿಗೆಯ ದೌರ್ಬಲ್ಯ ಇಲ್ಲಿ ಬಯಲಾಗುತ್ತದೆ: ಪ್ರತಿ ಬಜೆಟ್ಟಿನಲ್ಲೂ ಅದು ಖಜಾನೆಯ ಅಗತ್ಯಕ್ಕೆ ತಕ್ಕಂತೆ ಮಣಿಯುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ 2008ರಲ್ಲಿ ತಂದ ಇಂಗಾಲದ ತೆರಿಗೆ ಜಗತ್ತಿಗೇ ಮಾದರಿ ಎನಿಸಿತ್ತು. ಪೆಟ್ರೋಲ್ ಬಂಕಿನಲ್ಲಿ ಜನರಿಗೆ ಕಾಣುತ್ತಿದ್ದ ಆ ತೆರಿಗೆ ರಾಜಕೀಯ ಬಿಸಿಗೆ ಸಿಕ್ಕಿ 2025ರ ಏಪ್ರಿಲ್‌ನಲ್ಲಿ ರದ್ದಾಯಿತು.

ಇನ್ನು ಸೂರತ್. ಅಲ್ಲಿ ಹಳೆಯ ಪದ್ಧತಿ ಹೇಗಿತ್ತೆಂದರೆ, ಒಂದು ಘನ ಮೀಟರ್ ಹೊಗೆಯಲ್ಲಿ ಇಷ್ಟೇ ಧೂಳಿರಬೇಕು ಎಂದು ನಿಯಮ. ಅಧಿಕಾರಿ ಯಾವಾಗಲೋ ಒಮ್ಮೆ ಬಂದು ಚಿಮಣಿ ಹತ್ತಿ ಮಾದರಿ ತೆಗೆಯುತ್ತಿದ್ದರು. ಆ ದಿನ ಯಂತ್ರ ಸರಿಯಿದ್ದರೆ ಆಯಿತು. ತಪ್ಪು ಸಿಕ್ಕರೆ ಶಿಕ್ಷೆ ಕಾರ್ಖಾನೆಗೆ ಬೀಗ ಹಾಕುವಷ್ಟು ಕಠಿಣ, ಅಷ್ಟು ಕಠಿಣವಾದ್ದರಿಂದಲೇ ಅದು ಅಪರೂಪ. ಬಹುತೇಕ ಕಾರ್ಖಾನೆಗಳಲ್ಲಿ ಸೈಕ್ಲೋನ್, ಬ್ಯಾಗ್ ಫಿಲ್ಟರ್, ಸ್ಕ್ರಬ್ಬರ್ ಎಲ್ಲ ಇದ್ದವು. ಅವನ್ನು ಪ್ರತಿದಿನ ಸರಿಯಾಗಿ ನಡೆಸಲು ಕಾರಣ ಮಾತ್ರ ಇರಲಿಲ್ಲ.

ಹೊಸ ಪದ್ಧತಿಯಲ್ಲಿ ಪ್ರತಿ ಚಿಮಣಿಗೂ ಸತತ ಮಾಪಕ ಬಂತು, ಅದರ ಅಂಕಿಗಳು ನೇರ ಮಂಡಳಿಗೆ ಹೋಗತೊಡಗಿದವು. ಅಳೆಯುವುದು ಹೊಗೆಯ ದಟ್ಟಣೆಯನ್ನಲ್ಲ, ಒಟ್ಟು ಎಷ್ಟು ಕಿಲೋ ಧೂಳು ಹೊರಬಿತ್ತು ಎಂಬುದನ್ನು. ಎಲ್ಲ ಕಾರ್ಖಾನೆಗಳಿಗೂ ಸೇರಿ ತಿಂಗಳಿಗೆ 280 ಟನ್ ಮಿತಿಯಿಂದ ಆರಂಭಿಸಿ, ಮುಂದೆ ಅದನ್ನು ಇನ್ನೂ ಬಿಗಿ ಮಾಡಲಾಯಿತು. ಪರ್ಮಿಟ್‌ಗಳಲ್ಲಿ ಶೇ 80ರಷ್ಟನ್ನು ಬಾಯ್ಲರಿನ ಸಾಮರ್ಥ್ಯ ನೋಡಿ ಪುಕ್ಕಟೆ ಹಂಚಿ, ಉಳಿದದ್ದನ್ನು ಹರಾಜಿಗೆ ಇಟ್ಟರು. ಕಿಲೋ ಬೆಲೆ 5 ರೂಪಾಯಿಗಿಂತ ಇಳಿಯುವಂತಿಲ್ಲ, 100 ರೂಪಾಯಿಗಿಂತ ಏರುವಂತಿಲ್ಲ. ಅವಧಿ ಮುಗಿದಾಗ ಬಿಟ್ಟ ಧೂಳಿಗೆ ತಕ್ಕಷ್ಟು ಪರ್ಮಿಟ್ ಕೈಯಲ್ಲಿ ಇರದಿದ್ದರೆ, ಕೊರತೆ ಬಿದ್ದ ಪ್ರತಿ ಕಿಲೋಗೆ ಗರಿಷ್ಠ ಬೆಲೆಯ ಎರಡು ಪಟ್ಟು, ಅಂದರೆ 200 ರೂಪಾಯಿ ದಂಡ. ಆ ದಂಡಕ್ಕಾಗಿ ಕಾರ್ಖಾನೆಗಳಿಂದ ಮೊದಲೇ ಠೇವಣಿ ಇರಿಸಿಕೊಂಡಿದ್ದರು. ಕೋರ್ಟಿಗೆ ಅಲೆಯಬೇಕಿಲ್ಲ, ಬೀಗ ಹಾಕಬೇಕಿಲ್ಲ, ಠೇವಣಿಯಿಂದ ಮುರಿದುಕೊಂಡರಾಯಿತು. ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಮುಖ್ಯ ಎನಿಸುವುದು ಈ ಠೇವಣಿ. ಸಣ್ಣ ದಂಡ, ಆದರೆ ತಪ್ಪಿಸಿಕೊಳ್ಳಲು ಬಾರದ ದಂಡ.

ಮೈಕೇಲ್ ಗ್ರೀನ್‌ಸ್ಟೋನ್, ರೋಹಿಣಿ ಪಾಂಡೆ, ನಿಕೊಲಸ್ ರಯಾನ್, ಅನಂತ್ ಸುದರ್ಶನ್ ಎಂಬ ಅರ್ಥಶಾಸ್ತ್ರಜ್ಞರು ಮಂಡಳಿಯ ಜೊತೆ ಸೇರಿ ಇದನ್ನು ಔಷಧದ ಪರೀಕ್ಷೆಯಂತೆ ನಡೆಸಿದರು. 317 ಕಾರ್ಖಾನೆಗಳಲ್ಲಿ ಸುಮಾರು ಅರ್ಧದಷ್ಟನ್ನು ಚೀಟಿ ಎತ್ತಿದ ರೀತಿಯಲ್ಲಿ ಮಾರುಕಟ್ಟೆಗೆ ಸೇರಿಸಿ, ಉಳಿದವನ್ನು ಹಳೆಯ ನಿಯಮದಲ್ಲೇ ಬಿಟ್ಟರು. ಮಾಪಕ ಎರಡೂ ಗುಂಪಿನಲ್ಲಿ ಇತ್ತು, ಹಾಗಾಗಿ ಮಾಪಕದ ಪರಿಣಾಮ ಎಷ್ಟು, ಮಾರುಕಟ್ಟೆಯ ಪರಿಣಾಮ ಎಷ್ಟು ಎಂದು ಬೇರ್ಪಡಿಸಲು ಸಾಧ್ಯವಾಯಿತು. ಮಾರುಕಟ್ಟೆಗೆ ಸೇರಿದ ಕಾರ್ಖಾನೆಗಳ ಧೂಳು ಶೇ 20ರಿಂದ 30ರಷ್ಟು ಇಳಿಯಿತು, ಅಷ್ಟೇ ಧೂಳು ಇಳಿಸಲು ತಗಲುವ ಖರ್ಚು ಶೇ 10ಕ್ಕೂ ಹೆಚ್ಚು ಕಡಿಮೆಯಾಯಿತು. ಬಹುತೇಕ ಎಲ್ಲರೂ ಎಲ್ಲ ಅವಧಿಯಲ್ಲೂ ಬೇಕಾದಷ್ಟು ಪರ್ಮಿಟ್ ಹೊಂದಿದ್ದರು. ಬರಿಯ ಮಾಪಕ ಇದ್ದ ಇನ್ನೊಂದು ಗುಂಪಿನಲ್ಲಿ ಇಂಥ ಬದಲಾವಣೆ ಕಾಣಲಿಲ್ಲ. ಅಳತೆಯೊಂದೇ ಸಾಲದು, ಅಳತೆಗೆ ಬೆಲೆ ಅಂಟಬೇಕು ಎಂಬುದಕ್ಕೆ ಇಷ್ಟು ಸ್ಪಷ್ಟ ಸಾಕ್ಷಿ ನಾನು ಬೇರೆಲ್ಲೂ ನೋಡಿಲ್ಲ.

ಇದರ ಮಿತಿಗಳನ್ನೂ ಹೇಳಬೇಕು. ಧೂಳಿನ ಮಾಪಕ ನೇರವಾಗಿ ಧೂಳನ್ನು ತೂಗುವುದಿಲ್ಲ. ಅದು ಕೊಡುವ ಸಂಕೇತವನ್ನು ಕೈಯಿಂದ ತೆಗೆದ ಮಾದರಿಗಳ ಜೊತೆ ಹೊಂದಿಸಿ ಕಿಲೋಗೆ ಪರಿವರ್ತಿಸಬೇಕು. ಆ ಹೊಂದಾಣಿಕೆ ಕೆಟ್ಟರೆ ಇಡೀ ಲೆಕ್ಕ ಕೆಡುತ್ತದೆ. ಮಾಪಕ ಆಗಾಗ ಮೌನವಾಗುವ ಕಾರ್ಖಾನೆ, ಉತ್ಪಾದನೆ ಏರಿದರೂ ಅಂಕಿ ಏರದ ಕಾರ್ಖಾನೆ, ಇವುಗಳ ಮೇಲೆ ಕಣ್ಣಿಡಬೇಕು. ಇನ್ನೊಂದು ಮಾತು: ಧೂಳು ಬಿದ್ದಲ್ಲೇ ಕೆಡಿಸುವ ವಸ್ತು. ಶಾಲೆಯ ಪಕ್ಕದ ಕಾರ್ಖಾನೆ ಊರಾಚೆಯ ಕಾರ್ಖಾನೆಯಿಂದ ಪರ್ಮಿಟ್ ಕೊಂಡು ಹೊಗೆ ಬಿಟ್ಟರೆ ಒಟ್ಟು ಲೆಕ್ಕ ಸರಿಯಿದ್ದರೂ ಆ ಶಾಲೆಯ ಮಕ್ಕಳಿಗೆ ಅನ್ಯಾಯ. ಇಂಗಾಲಕ್ಕೆ ಈ ತೊಡಕಿಲ್ಲ, ಅದು ಎಲ್ಲಿ ಹೊರಟರೂ ಇಡೀ ಭೂಮಿಯನ್ನು ಒಂದೇ ರೀತಿ ಬಿಸಿ ಮಾಡುತ್ತದೆ.

ಮಿತಿಯ ದಾರಿಗೆ ಇನ್ನೂ ದೊಡ್ಡ ಅಪಾಯ ಒಂದಿದೆ, ಅದನ್ನು ಯುರೋಪ್ ಅನುಭವಿಸಿತು. ಅಲ್ಲಿನ ಇಂಗಾಲ ಮಾರುಕಟ್ಟೆ 2005ರಲ್ಲಿ ಶುರುವಾಯಿತು. ಎಷ್ಟು ಪರ್ಮಿಟ್ ಬೇಕೆಂಬುದನ್ನು ಬಹುಮಟ್ಟಿಗೆ ಉದ್ಯಮಗಳ ಅಂದಾಜಿನ ಮೇಲೆ ತೀರ್ಮಾನಿಸಿ, ಹೆಚ್ಚಿನವನ್ನು ಪುಕ್ಕಟೆ ಹಂಚಿದರು. 2006ರ ಏಪ್ರಿಲ್‌ನಲ್ಲಿ ಮೊದಲ ಬಾರಿ ನಿಜವಾದ ಹೊಗೆಯ ಲೆಕ್ಕ ಹೊರಬಿದ್ದಾಗ ಹಂಚಿದ ಪರ್ಮಿಟ್ ಹೊಗೆಗಿಂತ ಹೆಚ್ಚಿದೆ ಎಂಬುದು ಗೊತ್ತಾಯಿತು. ಟನ್ನಿಗೆ 30 ಯೂರೋ ಹತ್ತಿರ ಇದ್ದ ಬೆಲೆ ಕೆಲವೇ ದಿನಗಳಲ್ಲಿ ಅರ್ಧಕ್ಕೆ ಕುಸಿಯಿತು, 2007ರ ಕೊನೆಗೆ ಸೊನ್ನೆಗೆ ಹತ್ತಿರವಾಯಿತು. ಎರಡನೆಯ ಸುತ್ತಿನಲ್ಲಿ 2008ರ ಆರ್ಥಿಕ ಹಿಂಜರಿತ ಬಂತು. ಕಾರ್ಖಾನೆಗಳು ನಿಂತವು, ಹೊಗೆ ತಾನಾಗಿ ಇಳಿಯಿತು, ಮಿತಿ ಮಾತ್ರ ಇದ್ದಲ್ಲೇ ಇತ್ತು. 2013ರ ಹೊತ್ತಿಗೆ ಸುಮಾರು 200 ಕೋಟಿ ಪರ್ಮಿಟ್‌ಗಳು ಮಾರುಕಟ್ಟೆಯಲ್ಲಿ ಹೆಚ್ಚುವರಿಯಾಗಿ ಬಿದ್ದಿದ್ದವು, ಬೆಲೆ 5 ಯೂರೋಗಿಂತ ಕೆಳಗಿತ್ತು. ಹೆಚ್ಚುವರಿಯನ್ನು ತಾನಾಗಿ ಹೀರಿಕೊಳ್ಳುವ ಮೀಸಲು ವ್ಯವಸ್ಥೆ 2019ರಲ್ಲಿ ಜಾರಿಗೆ ಬರುವುದು ಖಚಿತವಾದ ಮೇಲೆಯೇ ಬೆಲೆ ಗಟ್ಟಿಯಾಗಿ, 2023ರ ಫೆಬ್ರವರಿಯಲ್ಲಿ 100 ಯೂರೋ ಮುಟ್ಟಿತು.

ಆ ಸಂಕಷ್ಟದ ನಡುವೆ ಬ್ರಿಟನ್ ಬೇರೆಯದೇ ಉಪಾಯ ಮಾಡಿತು. 2013ರ ಏಪ್ರಿಲ್‌ನಿಂದ, ಯುರೋಪಿನ ಪರ್ಮಿಟ್ ಬೆಲೆಯ ಮೇಲೆ ತನ್ನದೊಂದು ತೆರಿಗೆಯನ್ನೂ ವಿದ್ಯುತ್ ಸ್ಥಾವರಗಳ ಇಂಧನದ ಮೇಲೆ ಹೇರಿತು. ಮುಂದೆ ಅದು ಟನ್ನಿಗೆ 18 ಪೌಂಡ್‌ಗೆ ನಿಂತಿತು. ಗ್ಯಾಸ್ ಸುಡುವ ಸ್ಥಾವರ ಕಲ್ಲಿದ್ದಲಿನದಕ್ಕಿಂತ ಸುಮಾರು ಅರ್ಧದಷ್ಟು ಇಂಗಾಲ ಬಿಡುವುದರಿಂದ, ಯಾವ ಸ್ಥಾವರ ಮೊದಲು ಓಡಬೇಕು ಎಂಬ ಸರದಿಯನ್ನೇ ಆ ತೆರಿಗೆ ತಿರುಗಿಸಿಬಿಟ್ಟಿತು. 2012ರಲ್ಲಿ ಬ್ರಿಟನ್ನಿನ ವಿದ್ಯುತ್ತಿನ ಸುಮಾರು ಶೇ 40 ಕಲ್ಲಿದ್ದಲಿನಿಂದ ಬರುತ್ತಿತ್ತು. 2024ರ ಸೆಪ್ಟೆಂಬರ್ 30ರಂದು ರ‍್ಯಾಟ್‌ಕ್ಲಿಫ್ ಎಂಬಲ್ಲಿನ ಕೊನೆಯ ಕಲ್ಲಿದ್ದಲು ಸ್ಥಾವರ ಬಾಗಿಲು ಹಾಕಿತು. ಇದಕ್ಕೆ ಆ ತೆರಿಗೆ ಒಂದೇ ಕಾರಣವಲ್ಲ, ಗಾಳಿ ವಿದ್ಯುತ್ತಿನ ಬೆಳವಣಿಗೆಯೂ ಹೊಗೆಯ ಇತರ ನಿಯಮಗಳೂ ಇದ್ದವು. ಆದರೂ ಮೊದಲ ಕೆಲವು ವರ್ಷಗಳ ಇಳಿತದಲ್ಲಿ ಅದರ ಪಾತ್ರ ದೊಡ್ಡದು. ಮಿತಿಯ ಮೇಲೆ ಕೂಡಿಸಿದ ತೆರಿಗೆ, ಸೂರತ್‌ನ 5 ರೂಪಾಯಿಯ ಕನಿಷ್ಠ ಬೆಲೆ, ಎರಡರ ಕೆಲಸವೂ ಒಂದೇ: ಮಿತಿ ಸಡಿಲವಾಗಿಬಿಟ್ಟರೂ ಹೊಗೆ ಪುಕ್ಕಟೆಯಾಗದಂತೆ ತಡೆಯುವುದು. ಗರಿಷ್ಠ ಬೆಲೆ ಇನ್ನೊಂದು ಬದಿಯನ್ನು ಕಾಯುತ್ತದೆ. ತೆರಿಗೆಯೋ ಮಿತಿಯೋ ಎಂಬ ವಾದದಲ್ಲಿ ನನ್ನ ನಿಲುವು ಇದು: ಕೆಳಗೊಂದು ಗಟ್ಟಿ ಬೆಲೆ ಇರುವ ಮಿತಿ ಬೇಕು.

ಈಗ ನಮ್ಮ ದೇಶ ಕಟ್ಟುತ್ತಿರುವುದು ಏನು? 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಇಂಗಾಲದ ಕ್ರೆಡಿಟ್ ವಹಿವಾಟು ಯೋಜನೆಯನ್ನು ಅಧಿಸೂಚಿಸಿತು. ಸಿಮೆಂಟ್, ಅಲ್ಯೂಮಿನಿಯಂ, ಕಾಗದದಂಥ ಉದ್ಯಮಗಳ ಕಾರ್ಖಾನೆಗಳಿಗೆ ಗುರಿಗಳನ್ನು 2025ರಲ್ಲಿ ನಿಗದಿ ಮಾಡಲಾಯಿತು. ಗುರಿಗಿಂತ ಚೆನ್ನಾಗಿ ಮಾಡಿದವರಿಗೆ ಟನ್ನಿಗೊಂದರಂತೆ ಪ್ರಮಾಣಪತ್ರ ಸಿಗುತ್ತದೆ, ಹಿಂದೆ ಬಿದ್ದವರು ಅದನ್ನು ಕೊಳ್ಳಬೇಕು. ಆದರೆ ಈ ಗುರಿ ಒಟ್ಟು ಹೊಗೆಯ ಮೇಲೆ ಇಲ್ಲ, ಒಂದು ಟನ್ ಉತ್ಪನ್ನಕ್ಕೆ ಎಷ್ಟು ಹೊಗೆ ಎಂಬುದರ ಮೇಲಿದೆ. ಒಂದು ಸಿಮೆಂಟ್ ಕಾರ್ಖಾನೆ 10 ಲಕ್ಷ ಟನ್ ಸಿಮೆಂಟಿಗೆ 6 ಲಕ್ಷ ಟನ್ ಇಂಗಾಲದ ಡೈಆಕ್ಸೈಡ್ ಬಿಡುತ್ತಿದೆ, ಅಂದರೆ ಟನ್ನಿಗೆ 0.60 ಎಂದುಕೊಳ್ಳಿ. ಅದರ ಗುರಿ 0.57. ಮುಂದೆ ಅದು ಗುರಿ ಮುಟ್ಟಿ, ಉತ್ಪಾದನೆಯನ್ನು 13 ಲಕ್ಷ ಟನ್ನಿಗೆ ಏರಿಸಿದರೆ ಹೊಗೆ 7.41 ಲಕ್ಷ ಟನ್ ಆಗುತ್ತದೆ. ಕಾನೂನಿನ ಪ್ರಕಾರ ಕಾರ್ಖಾನೆ ಸರಿ, ಹೊಗೆ ಮಾತ್ರ ಕಾಲುಭಾಗದಷ್ಟು ಹೆಚ್ಚು. ಬೆಳೆಯುತ್ತಿರುವ ದೇಶಕ್ಕೆ ಒಟ್ಟು ಮಿತಿ ಹಾಕಿದರೆ ಬೆಳವಣಿಗೆಗೆ ಪೆಟ್ಟು ಎಂಬ ಕಾಳಜಿ ನ್ಯಾಯವಾದದ್ದೇ. ಆದರೆ ಇದು ಕ್ಯಾಪ್ ಇಲ್ಲದ ಟ್ರೇಡ್ ಎಂಬುದು ಓದುಗರಿಗೆ ಗೊತ್ತಿರಬೇಕು. ಅತಿ ಹೆಚ್ಚು ಹೊಗೆ ಬಿಡುವ ವಿದ್ಯುತ್ ಸ್ಥಾವರಗಳಿಗೆ ಈ ಮೊದಲ ಹಂತದಲ್ಲಿ ಗುರಿಯೇ ಇಲ್ಲ. ಗುರಿ ಸುಲಭವಾದರೆ ಏನಾಗುತ್ತದೆ ಎಂಬುದಕ್ಕೆ ನಮ್ಮದೇ ಉದಾಹರಣೆಯಿದೆ: 2012ರಿಂದ ನಡೆದ ಇಂಧನ ಉಳಿತಾಯದ ಪ್ಯಾಟ್ ಯೋಜನೆಯಲ್ಲಿ ಗುರಿ ಸಲೀಸಾಗಿ, ಪ್ರಮಾಣಪತ್ರಗಳು ರಾಶಿ ಬಿದ್ದು, ಕೊಳ್ಳುವವರು ಕಡಿಮೆಯಾದರು.

ಇದರ ಪರಿಣಾಮ ಕರ್ನಾಟಕಕ್ಕೂ ನೇರವಾಗಿ ತಟ್ಟುತ್ತದೆ. 2026ರ ಜನವರಿ 1ರಿಂದ ಯುರೋಪ್ ತನ್ನ ಗಡಿಯಲ್ಲಿ ಆಮದಾಗುವ ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ಗೊಬ್ಬರಗಳ ಇಂಗಾಲಕ್ಕೆ ಬೆಲೆ ವಿಧಿಸುತ್ತಿದೆ. ಆ ವಸ್ತುವಿಗೆ ಅದು ತಯಾರಾದ ದೇಶದಲ್ಲೇ ಇಂಗಾಲದ ಬೆಲೆ ತೆತ್ತಿದ್ದರೆ ಅಷ್ಟನ್ನು ಕಳೆಯಲಾಗುತ್ತದೆ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಕುಲುಮೆಗೆ ಕಲ್ಲಿದ್ದಲಿನ ಕೋಕ್ ಸುರಿದು ತಯಾರಾದ ಉಕ್ಕು ಯುರೋಪಿಗೆ ಹೋದರೆ, ಅದರ ಹೊಗೆಗೆ ನಮ್ಮಲ್ಲಿ ಬೆಲೆ ಅತ್ಯಲ್ಪವಾದಷ್ಟೂ ಉಳಿದ ಹಣ ಯುರೋಪಿನ ಖಜಾನೆಗೆ ಸಲ್ಲುತ್ತದೆ. ಅದೇ ಬೆಲೆಯನ್ನು ಇಲ್ಲಿ ವಸೂಲು ಮಾಡಿದರೆ ಹಣ ಇಲ್ಲೇ ಉಳಿದು, ಆ ಕುಲುಮೆಯ ಸುತ್ತಲಿನ ಹಳ್ಳಿಗಳಿಗೂ ಹೊಸ ತಂತ್ರಕ್ಕೂ ಬಳಸಬಹುದು.

ಹೊಸ ಯೋಜನೆಯ ನಿಯಮಗಳಲ್ಲಿ ಪ್ರಮಾಣಪತ್ರಕ್ಕೆ ಕನಿಷ್ಠ ಮತ್ತು ಗರಿಷ್ಠ ಬೆಲೆ ನಿಗದಿಪಡಿಸುವ ಅವಕಾಶವಿದೆ. ಅದರ ಅಂಕಿ ಪ್ರಕಟವಾದ ದಿನ ಓದುಗರು ಮೊದಲು ನೋಡಬೇಕಾದದ್ದು ಕನಿಷ್ಠ ಬೆಲೆಯನ್ನು. ಅದು ಟನ್ ಇಂಗಾಲದ ಡೈಆಕ್ಸೈಡಿಗೆ 270 ರೂಪಾಯಿಗಿಂತ ಕೆಳಗಿದ್ದರೆ, 2016ರಲ್ಲಿ ಕಲ್ಲಿದ್ದಲಿಗೆ ನಾವು ಕಟ್ಟಿದ್ದ ಬೆಲೆಗಿಂತಲೂ ಹಿಂದೆ ಹೋಗಿದ್ದೇವೆ ಎಂದೇ ಅರ್ಥ.